ಆಯುರಾರೋಗ್ಯ ಎಂಬ ಪದ ಗಂಟಲಲ್ಲಿ ನಿಂತಾಗ

ಮೈಸೂರು ಸೀಮೆಯ ಒಂದು ಊರಿನ ಶಿವಾಲಯದಲ್ಲಿ ನಾನು 18 ವರ್ಷಗಳಿಂದ ಅರ್ಚಕನಾಗಿದ್ದೇನೆ. ಮೂರು ವರ್ಷಗಳ ಹಿಂದೆ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಡೆಂಗ್ಯೂ ಜ್ವರ ಬಂತು. ಐದನೆಯ ದಿನ ಮನೆಯಲ್ಲಿಯೇ ಮೃತ್ಯುಂಜಯ ಹೋಮ ಮಾಡಿದೆ. ಅಮೃತಬಳ್ಳಿಯ ತುಂಡುಗಳನ್ನು ಹಾಲು ತುಪ್ಪದಲ್ಲಿ ಅದ್ದಿ ನಾನೇ ಆಹುತಿ ಕೊಟ್ಟೆ. ಅಂದು ಸಂಜೆ ಅವನ ಮೈ ತಣ್ಣಗಾಯಿತು. ಜ್ವರ ಬಿಟ್ಟಿತೆಂದು ಮನೆಮಂದಿಯೆಲ್ಲ ದೇವರಿಗೆ ಕೈಮುಗಿದೆವು. ರಾತ್ರಿ ಅವನು ಹೊಟ್ಟೆನೋವೆಂದ, ಎರಡು ಮೂರು ಸಲ ವಾಂತಿ ಮಾಡಿದ. ಹೋಮದ ದಿನ ಸರಿಯಾಗಿ ಊಟ ಮಾಡಿಲ್ಲದ್ದರಿಂದ ಹೀಗಾಗಿರಬೇಕು ಎಂದುಕೊಂಡೆವು. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯಬಹುದು, ಹೊಟ್ಟೆನೋವು ಮತ್ತು ನಿಲ್ಲದ ವಾಂತಿ ಅದರ ಮುನ್ಸೂಚನೆಗಳು ಎಂಬುದನ್ನು ವೈದ್ಯರು ನನಗೆ ಹೇಳಿದ್ದು ಮರುದಿನ, ಅವನ ಕೈಕಾಲು ಮಂಜಿನಂತಾದ ಮೇಲೆ. ಅಂದೇ ರಾತ್ರಿ ಅವನು ತೀರಿಕೊಂಡ. ಅವನಿಗೆ 34 ವರ್ಷ.

ದೇವರು ಕಾಪಾಡಲಿಲ್ಲ ಎಂಬುದಷ್ಟೇ ನನ್ನ ಸಂಶಯವಾಗಿರಲಿಲ್ಲ. ಸಾವಿನ ಸೂಚನೆಯನ್ನೇ ನಾನು ದೇವರ ಅನುಗ್ರಹವೆಂದು ಓದಿದ್ದೆ. ಹಾಗಾದರೆ ಇಷ್ಟು ವರ್ಷ ಅನುಗ್ರಹವೆಂದು ನಂಬಿದ್ದರಲ್ಲಿ ನಿಜವೆಷ್ಟು ಎಂಬ ಪ್ರಶ್ನೆ ಒಳಗೆ ಹೊಕ್ಕು ಕೂತುಬಿಟ್ಟಿತು.

ಹತ್ತು ದಿನದ ಸೂತಕದಲ್ಲಿ ಗರ್ಭಗುಡಿಗೆ ಹೋಗುವಂತಿರಲಿಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಬಿಡುಗಡೆಯಂತಿತ್ತು. ಶುದ್ಧಿಯಾಗಿ, ಹೊಸ ಜನಿವಾರ ಧರಿಸಿ ಮತ್ತೆ ಪೂಜೆಗೆ ನಿಂತ ಮೊದಲ ದಿನ ಒಂದು ಮಗುವಿನ ಹುಟ್ಟುಹಬ್ಬದ ಅರ್ಚನೆಯಿತ್ತು. ಗೋತ್ರ, ನಕ್ಷತ್ರ, ರಾಶಿ, ಹೆಸರು ಹೇಳಿ, "ಕ್ಷೇಮ ಸ್ಥೈರ್ಯ ಧೈರ್ಯ ವೀರ್ಯ ವಿಜಯ" ಎಂಬಲ್ಲಿಗೆ ಬಂದೆ. ಮುಂದಿನ ಪದ "ಆಯುರಾರೋಗ್ಯ". ಅದು ಹೊರಡಲಿಲ್ಲ. ಕೆಮ್ಮಿದಂತೆ ಮಾಡಿ ಮಂಗಳಾರತಿ ತಟ್ಟೆ ಎತ್ತಿಕೊಂಡೆ. ಮಗುವಿನ ತಾಯಿ ಕಣ್ಣುಮುಚ್ಚಿ ನಿಂತಿದ್ದರು.

ಇದನ್ನು ಯಾರಿಗೆ ಹೇಳುವುದು? ಊರಿನವರು ತಮ್ಮ ಸಂಕಟ ಹೇಳಿಕೊಳ್ಳಲು ಬರುವುದೇ ನನ್ನ ಬಳಿಗೆ. ಹೆಂಡತಿ ತನ್ನ ದುಃಖವನ್ನು ಪೂಜೆಯಲ್ಲಿಯೇ ಹಿಡಿದಿಟ್ಟುಕೊಂಡಿದ್ದಳು, ಅದನ್ನು ಕದಲಿಸುವ ಧೈರ್ಯ ನನಗಾಗಲಿಲ್ಲ. ನಮ್ಮ ಬಂಧುವೊಬ್ಬರು ತಮ್ಮನ ಹೆಂಡತಿಯ ಎದುರಿಗೆ ಕೂತು "ಪೂರ್ವಜನ್ಮದ ಕರ್ಮ ಕಣಮ್ಮ" ಎಂದಾಗ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಮಾತನ್ನು ಅದೇ ದನಿಯಲ್ಲಿ ನಾನೂ ಎಷ್ಟೋ ಮನೆಗಳಲ್ಲಿ ಹೇಳಿ ಎದ್ದುಬಂದಿದ್ದೇನೆ. ಅಂದಿನಿಂದ ಅದನ್ನು ಹೇಳಿಲ್ಲ.

ಕೆಲಸ ಬಿಡುವ ಸ್ಥಿತಿ ಇರಲಿಲ್ಲ, ಸುಳ್ಳಾಡಲೂ ಮನಸ್ಸಾಗಲಿಲ್ಲ. ಹಾಗಾಗಿ ಮಾಡುವ ಕೆಲಸವನ್ನೇ ಎರಡಾಗಿ ನೋಡಿದೆ. ನಿರ್ಮಾಲ್ಯ ತೆಗೆಯುವುದು, ಅಭಿಷೇಕ, ಗಂಧ ತೇಯುವುದು, ನೈವೇದ್ಯ, ಇವುಗಳಿಗೆ ಕೈ ಸಾಕಾಗಿತ್ತು; ಅಲ್ಲಿ ನಾನು ಯಾರಿಗೂ ಏನನ್ನೂ ಮಾತು ಕೊಡುತ್ತಿರಲಿಲ್ಲ. ಭಕ್ತರ ಹೆಸರಿನ ಸಂಕಲ್ಪವನ್ನು ಜೊತೆಯ ಕಿರಿಯ ಅರ್ಚಕನಿಗೆ ಬಿಟ್ಟೆ, ಗಂಟಲು ಸರಿಯಿಲ್ಲವೆಂದೆ. ಮೃತ್ಯುಂಜಯ ಹೋಮ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದೆ. ಇದರಿಂದ ಸಂಶಯ ಕರಗಲಿಲ್ಲ, ಆದರೆ ದಿನಕ್ಕೆ ಹತ್ತು ಬಾರಿ ನನಗೆ ನಾನೇ ವಂಚಕನಂತೆ ಕಾಣುವುದು ತಪ್ಪಿತು.

ಎಂಟನೆಯ ತಿಂಗಳಿನಲ್ಲಿ ಬೇರೊಬ್ಬರ ಅಸ್ಥಿ ವಿಸರ್ಜನೆಗಾಗಿ ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಗೆ ಹೋಗಿದ್ದೆ. ಅಲ್ಲಿ ಅಪರಕರ್ಮ ಮಾಡಿಸುವ ಹಿರಿಯರೊಬ್ಬರು ಪಿಂಡದ ಅಕ್ಕಿ ತೊಳೆಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಉಪದೇಶ ಮಾಡಲಿಲ್ಲ. "ಕಠೋಪನಿಷತ್ತು ಬಾಯಿಗೆ ಬರುತ್ತಲ್ಲಪ್ಪ, ನಚಿಕೇತನ ಮೂರನೆಯ ವರ ಹೇಳು" ಎಂದರು. "ಯೇಯಂ ಪ್ರೇತೇ ವಿಚಿಕಿತ್ಸಾ ಮನುಷ್ಯೇ" ಎಂದು ಶುರುಮಾಡಿದೆ. ಸತ್ತವನು ಇದ್ದಾನೆ ಎಂದು ಕೆಲವರು, ಇಲ್ಲವೆಂದು ಕೆಲವರು. ಈ ಸಂಶಯವನ್ನು ಬಿಡಿಸು ಎಂದು ಹುಡುಗ ಯಮನನ್ನೇ ಕೇಳುತ್ತಾನೆ. ಯಮನ ಉತ್ತರ "ದೇವೈರತ್ರಾಪಿ ವಿಚಿಕಿತ್ಸಿತಂ ಪುರಾ", ಹಿಂದೆ ದೇವತೆಗಳೂ ಇದನ್ನು ಸಂಶಯಿಸಿದ್ದರು. ಸ್ವರ ತಪ್ಪದಂತೆ ಇದನ್ನು ಎಷ್ಟೋ ಬಾರಿ ಹೇಳಿದ್ದೆ, ಅರ್ಥವನ್ನೂ ಬಲ್ಲೆ. ಆದರೆ ಆ ಸಂಶಯ ನನ್ನದೂ ಆಗಬಹುದೆಂದು ತೋಚಿರಲಿಲ್ಲ. "ನನಗೂ ಇದೆ, ಮಗಳು ಹೋದಾಗಿನಿಂದ" ಎಂದು ಅವರು ಅಕ್ಕಿಯ ನೀರು ಬಸಿದರು.

ನಂಬಿಕೆ ಮೊದಲಿನಂತೆ ಮರಳಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಗಂಟಲು ಸರಿಯಿಲ್ಲ ಎಂದಾಗಲೇ ಗೊತ್ತಾಗಿತ್ತು ಎಂದಳು. ಈಗ ಸಂಕಲ್ಪವನ್ನು ನಾನೇ ಹೇಳುತ್ತೇನೆ, ಆ ಪದವನ್ನು ಭರವಸೆಯಾಗಿ ಅಲ್ಲ, ಹಾರೈಕೆಯಾಗಿ. ಜ್ವರದ ಮನೆಯವರು ಹೋಮ ಕೇಳಿಕೊಂಡು ಬಂದರೆ, ಎಷ್ಟನೆಯ ದಿನ, ರಕ್ತ ಪರೀಕ್ಷೆಯಾಗಿದೆಯೇ, ಹೊಟ್ಟೆನೋವು ಇದೆಯೇ ಎಂದು ಮೊದಲು ಕೇಳುತ್ತೇನೆ. ಇದ್ದರೆ, ಪಂಚಾಂಗ ತೆರೆಯುವ ಮೊದಲು ಆಸ್ಪತ್ರೆಗೆ ಕಳಿಸುತ್ತೇನೆ.