ತಿಂಗಳಿಗೆ ಎಷ್ಟು ಲಾದಿ ಪಾವ್ ಮಾರಿದರೆ ಬೇಕರಿಯ ಖರ್ಚು ಹುಟ್ಟುತ್ತದೆ?

ಮುಂಬಯಿಯ ಭಾಂಡುಪ್‌ನಲ್ಲಿ ಪಾವ್ ಒಂದನ್ನೇ ಮಾಡುವ ಸಣ್ಣ ಬೇಕರಿಯೊಂದಿದೆ ಎಂದು ಇಟ್ಟುಕೊಳ್ಳೋಣ. ಮಾಲೀಕರು ಕುಂದಾಪುರದ ಕಡೆಯವರು. ಕಟ್ಟಿಗೆಯ ಭಟ್ಟಿ, ಬಾಡಿಗೆಯ ಮಳಿಗೆ, ಬೆಳಗಿನ ಜಾವ ಸೈಕಲ್ಲಿನಲ್ಲಿ ಪಾವ್ ಒಯ್ದು ವಡಾಪಾವ್ ಗಾಡಿಗಳಿಗೂ ಕಿರಾಣಿ ಅಂಗಡಿಗಳಿಗೂ ಹಂಚುವ ಹುಡುಗರು, ಇಷ್ಟೇ ಅದರ ವ್ಯವಸ್ಥೆ. ದಿನವೂ ಗಲ್ಲಾಪೆಟ್ಟಿಗೆಗೆ ದುಡ್ಡು ಬೀಳುತ್ತದೆ, ಆದರೆ ತಿಂಗಳ ಕೊನೆಗೆ ಉಳಿದದ್ದೆಷ್ಟು ಎಂಬುದು ತಿಳಿಯುವುದಿಲ್ಲ. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಮಾರಾಟದ ಮಟ್ಟವನ್ನು, ಅಂದರೆ ಬ್ರೇಕ್ ಈವನ್ ಬಿಂದುವನ್ನು, ಕಂಡುಕೊಳ್ಳುವವರೆಗೆ ಅದು ತಿಳಿಯುವಂತೆಯೂ ಇಲ್ಲ. ಒಂದೇ ಸರಕನ್ನು ಮಾಡುವ ಬೇಕರಿಗೆ ಈ ಲೆಕ್ಕ ಒಂದು ಸಂಜೆಯ ಕೆಲಸ. ಇಲ್ಲಿ ಬಳಸಿರುವ ದರಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು. ಓದುಗರು ಆ ಜಾಗದಲ್ಲಿ ತಮ್ಮ ಬಿಲ್ಲುಗಳಲ್ಲಿರುವ ಅಂಕಿಗಳನ್ನು ಹಾಕಿಕೊಳ್ಳಬೇಕು.

ಮೊದಲು ಅಳತೆಯನ್ನು ಗೊತ್ತುಮಾಡಿಕೊಳ್ಳಿ

ಲೆಕ್ಕಕ್ಕೆ ಹಿಡಿಯುವ ನಗ ಯಾವುದು ಎಂಬುದನ್ನು ಮೊದಲೇ ನಿರ್ಧರಿಸಬೇಕು. ಬಿಡಿ ಪಾವ್ ತೀರಾ ಚಿಕ್ಕದು, ಮೈದಾದ ಚೀಲ ತೀರಾ ದೊಡ್ಡದು; ಮಾರಾಟ ನಡೆಯುವುದೇ ಲಾದಿಯ ಲೆಕ್ಕದಲ್ಲಿ ಆದ್ದರಿಂದ ಆರು ಪಾವಿನ ಒಂದು ಲಾದಿಯನ್ನೇ ನಗವಾಗಿ ಹಿಡಿಯುವುದು ಸರಿ. ನಮ್ಮ ಬೇಕರಿ ಒಂದು ಲಾದಿಯನ್ನು ಗಿರಾಕಿಗೆ 18 ರೂಪಾಯಿಗೆ ಕೊಡುತ್ತದೆ.

ಪ್ರತಿ ಲಾದಿಯ ಜೊತೆ ಏರುವ ಖರ್ಚು

ಒಂದು ಲಾದಿ ಹೆಚ್ಚು ಮಾಡಿದರೆ ಹೆಚ್ಚುವ, ಮಾಡದಿದ್ದರೆ ತಗಲದ ಖರ್ಚಿಗೆ ಬದಲಾಗುವ ವೆಚ್ಚ ಎನ್ನುತ್ತಾರೆ. ಇದನ್ನು ಚೀಲದಿಂದ ಆರಂಭಿಸಿ ಲಾದಿಗೆ ಇಳಿಸುವುದು ಸುಲಭ. 50 ಕಿಲೋ ಮೈದಾಕ್ಕೆ 1,800 ರೂಪಾಯಿ; ಈಸ್ಟ್, ಉಪ್ಪು, ಸಕ್ಕರೆ, ಎಣ್ಣೆ ಎಲ್ಲ ಸೇರಿ 475 ರೂಪಾಯಿ; ಒಟ್ಟು 2,275. ಆ ಚೀಲದಿಂದ 325 ಲಾದಿ ಹೊರಬಂದರೆ ಲಾದಿಗೆ 7 ರೂಪಾಯಿಯ ಸಾಮಾನು ಬಿದ್ದಂತಾಯಿತು. 325 ಎಂಬ ಅಂಕಿಯನ್ನು ಅಂದಾಜಿನಲ್ಲಿ ಬರೆದುಕೊಳ್ಳದೆ, ಒಂದು ವಾರ ಭಟ್ಟಿಯಿಂದ ಇಳಿದ ಲಾದಿಗಳನ್ನು ನಿಜವಾಗಿ ಎಣಿಸಿ ಸರಾಸರಿ ತೆಗೆಯಬೇಕು, ಏಕೆಂದರೆ ಹಿಟ್ಟಿನ ಉಂಡೆ ಕೈಯಲ್ಲಿ ಎರಡು ಗ್ರಾಂ ದಪ್ಪವಾದರೂ ಚೀಲದ ಲೆಕ್ಕದಲ್ಲಿ ಹತ್ತಾರು ಲಾದಿ ಕಡಿಮೆಯಾಗುತ್ತವೆ. ಬ್ರೆಡ್ಡಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲದಿರುವುದರಿಂದ ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆ ಮರಳಿ ಸಿಗುವುದಿಲ್ಲ ಎಂಬುದನ್ನೂ ನೆನಪಿಟ್ಟು, ತೆರಿಗೆ ಸೇರಿದ ಬೆಲೆಯನ್ನೇ ಬರೆದುಕೊಳ್ಳಬೇಕು.

ಹಿಟ್ಟು ನಾದಿ ಉಂಡೆ ಕಟ್ಟುವವರಿಗೆ ಇಲ್ಲಿ ಚೀಲದ ಲೆಕ್ಕದಲ್ಲಿ 650 ರೂಪಾಯಿ ಕೂಲಿ, ಅಂದರೆ ಲಾದಿಗೆ 2 ರೂಪಾಯಿ. ಬೇಯಿಸಲು ಚೀಲಕ್ಕೆ 195 ರೂಪಾಯಿಯ ಕಟ್ಟಿಗೆ, ಅಂದರೆ ಲಾದಿಗೆ 60 ಪೈಸೆ. ಹೀಗೆ ಒಂದು ಲಾದಿ ತಯಾರಾಗುವಷ್ಟರಲ್ಲಿ 9 ರೂಪಾಯಿ 60 ಪೈಸೆ ಖರ್ಚಾಗಿರುತ್ತದೆ.

ಪಾವಿನ ಧಂದೆಯಲ್ಲಿ ಲೆಕ್ಕ ಹೆಚ್ಚಾಗಿ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮಾಡಿದ್ದೆಲ್ಲ ಮಾರಾಟವಾಗುವುದಿಲ್ಲ. ಮಧ್ಯಾಹ್ನ ಸೈಕಲ್ಲಿನ ಬುಟ್ಟಿಯ ತಳದಲ್ಲಿ ಒತ್ತಿಹೋದ, ಅಂಚು ಒಣಗಿದ ಲಾದಿಗಳು ವಾಪಸ್ ಬರುತ್ತವೆ, ಅವುಗಳಿಗೆ ಮರುದಿನ ಗಿರಾಕಿ ಇರುವುದಿಲ್ಲ. ನೂರರಲ್ಲಿ ನಾಲ್ಕು ಹೀಗೆ ಮರಳುತ್ತವೆ ಎಂದಾದರೆ, ನೂರು ಲಾದಿಯ ತಯಾರಿಕೆಗೆ ತಗಲಿದ 960 ರೂಪಾಯಿಯನ್ನು ಮಾರಾಟವಾದ 96 ಲಾದಿಗಳೇ ಹೊರಬೇಕು. ಆಗ ಮಾರಿದ ಒಂದೊಂದು ಲಾದಿಯ ತಯಾರಿಕಾ ಖರ್ಚು 10 ರೂಪಾಯಿಗೆ ನಿಲ್ಲುತ್ತದೆ. ಹಂಚುವ ಹುಡುಗರ 2 ರೂಪಾಯಿ ಕಮಿಷನ್ ಮಾರಿದ ಲಾದಿಗೆ ಮಾತ್ರ ಸಲ್ಲುವುದರಿಂದ ಅದನ್ನು ಕೊನೆಗೆ ಸೇರಿಸಬೇಕು. ಒಟ್ಟು ಬದಲಾಗುವ ವೆಚ್ಚ ಲಾದಿಗೆ 12 ರೂಪಾಯಿ.

ಭಟ್ಟಿ ಉರಿದರೂ ಉರಿಯದಿದ್ದರೂ ನಿಲ್ಲದ ಖರ್ಚು

ಇದು ಸ್ಥಿರ ವೆಚ್ಚ. ತಿಂಗಳಿಗೆ ಬಾಡಿಗೆ 45,000. ಸಂಬಳದ ಮೇಲಿರುವ ಭಟ್ಟಿಯ ಮಿಸ್ತ್ರಿ ಮತ್ತು ಒಬ್ಬ ಸಹಾಯಕನಿಗೆ 38,000. ವಿದ್ಯುತ್ತು, ನೀರು, ಫೋನಿಗೆ 7,000. ಸಾಲದ ಬಡ್ಡಿ ಮತ್ತು ಸಲಕರಣೆಗಳ ಸವಕಳಿ 9,000. ಪರವಾನಗಿ, ರಿಪೇರಿ ಮುಂತಾದವುಗಳಿಗೆ 6,000.

ಇನ್ನೆರಡು ಬಾಬತ್ತುಗಳ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಮೊದಲನೆಯದು ಭಟ್ಟಿ ಕಾಯಿಸುವ ಕಟ್ಟಿಗೆ. ಅರ್ಧ ಚೀಲ ಬೇಯಿಸಿದರೂ ಐದು ಚೀಲ ಬೇಯಿಸಿದರೂ ರಾತ್ರಿ ಒಮ್ಮೆ ಇಟ್ಟಿಗೆಯ ಒಡಲನ್ನು ಪೂರ್ತಿ ಕಾಯಿಸಲೇಬೇಕಾದ್ದರಿಂದ, ದಿನಕ್ಕೆ 500 ರೂಪಾಯಿಯಂತೆ ತಿಂಗಳ ಈ 15,000 ಸ್ಥಿರ ವೆಚ್ಚವೇ ಆಗುತ್ತದೆ; ಬೇಯಿಸುವಾಗ ಮತ್ತೆ ಹಾಕುವ ಕಟ್ಟಿಗೆಯಷ್ಟೇ ಲಾದಿಯ ಜೊತೆ ಏರುತ್ತದೆ. ಕಟ್ಟಿಗೆಯ ಬಿಲ್ಲು ಒಂದೇ ಆದರೂ ಅದನ್ನು ಹೀಗೆ ಎರಡಾಗಿ ಒಡೆಯಬೇಕು. ಎರಡನೆಯದು ಮಾಲೀಕರ ದುಡಿಮೆ. ರಾತ್ರಿಯಿಡೀ ನಿಂತು ನೋಡಿಕೊಳ್ಳುವ ಮಾಲೀಕರು ತಮಗೆಂದು 30,000 ರೂಪಾಯಿ ಸಂಬಳವನ್ನು ಬರೆದುಕೊಳ್ಳದಿದ್ದರೆ, ಬೇಕರಿ ಖರ್ಚು ಹುಟ್ಟಿಸಿತು ಎಂಬ ಮಾತಿಗೆ ಅವರು ಬಿಟ್ಟಿ ದುಡಿದರು ಎಂಬುದೇ ಅರ್ಥ. ಈ ಸಂಬಳವನ್ನು ಸೇರಿಸಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲವನ್ನೂ ಕೂಡಿದರೆ ಸ್ಥಿರ ವೆಚ್ಚ ತಿಂಗಳಿಗೆ 1,50,000 ರೂಪಾಯಿ.

ಲಾದಿಗಳಲ್ಲಿ ಮತ್ತು ರೂಪಾಯಿಗಳಲ್ಲಿ

ಮಾರಾಟದ ಬೆಲೆ 18ರಲ್ಲಿ 12 ಕಳೆದರೆ ಉಳಿಯುವ 6 ರೂಪಾಯಿಯೇ ಒಂದು ಲಾದಿಯ ಕೊಡುಗೆ. ಇದಿನ್ನೂ ಲಾಭವಲ್ಲ, ಬಾಡಿಗೆ, ಸಂಬಳಗಳ ಆ ಒಂದೂವರೆ ಲಕ್ಷವನ್ನು ತೀರಿಸಲು ಪ್ರತಿ ಲಾದಿಯೂ ಕೊಡುವ ಪಾಲು. ಆದ್ದರಿಂದ ಸ್ಥಿರ ವೆಚ್ಚವನ್ನು ಕೊಡುಗೆಯಿಂದ ಭಾಗಿಸಬೇಕು: 1,50,000 ÷ 6 = 25,000 ಲಾದಿ. ಭಾಗಾಕಾರದಲ್ಲಿ ಭಿನ್ನರಾಶಿ ಬಂದರೆ ಯಾವಾಗಲೂ ಮೇಲಿನ ಪೂರ್ಣ ಸಂಖ್ಯೆಯನ್ನೇ ಹಿಡಿಯಬೇಕು, ಕೆಳಗಿನದನ್ನು ಹಿಡಿದರೆ ಖರ್ಚು ಪೂರ್ತಿ ಹುಟ್ಟುವುದಿಲ್ಲ.

ಇದೇ ಬಿಂದುವನ್ನು ಮಾರಾಟದ ಮೊತ್ತದಲ್ಲಿ ಹೇಳಬೇಕಾದರೆ 25,000ವನ್ನು 18ರಿಂದ ಗುಣಿಸಬಹುದು. 4,50,000 ರೂಪಾಯಿ ಬರುತ್ತದೆ. ಇನ್ನೊಂದು ದಾರಿಯೂ ಇದೆ. 18 ರೂಪಾಯಿಯಲ್ಲಿ 6 ರೂಪಾಯಿ ಕೊಡುಗೆ ಎಂದರೆ ಮಾರಾಟದ ಮೂರನೇ ಒಂದು ಭಾಗ. ಸ್ಥಿರ ವೆಚ್ಚವನ್ನು ಈ ಅನುಪಾತದಿಂದ ಭಾಗಿಸಿದರೂ 4,50,000 ರೂಪಾಯಿಯೇ ಬರಬೇಕು. ಎರಡು ಉತ್ತರಗಳು ಹೊಂದದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ತಿಳಿಯಬೇಕು.

ಇನ್ನು ಭಟ್ಟಿಯ ಭಾಷೆಗೆ ಬರೋಣ. 25,000 ಲಾದಿ ಮಾರಾಟವಾಗಬೇಕಾದರೆ, ವಾಪಸ್ ಬರುವ ನೂರಕ್ಕೆ ನಾಲ್ಕನ್ನು ಸೇರಿಸಿ ಸುಮಾರು 26,042 ಲಾದಿ ಬೇಯಬೇಕು. ಮೂವತ್ತು ದಿನದ ತಿಂಗಳಲ್ಲಿ ಅದು ದಿನಕ್ಕೆ ಎರಡೂಮುಕ್ಕಾಲು ಚೀಲಕ್ಕೆ ತುಸು ಕಡಿಮೆ. ಎರಡೂವರೆ ಚೀಲದಲ್ಲಿ ನಿಂತರೆ ನಷ್ಟ. ಮೂರು ಚೀಲ ಬೇಯಿಸಿ ಅದೇ ಪ್ರಮಾಣದಲ್ಲಿ ಮಾರಿದರೆ ದಿನಕ್ಕೆ 936 ಲಾದಿ, ತಿಂಗಳಿಗೆ 28,080 ಲಾದಿ. ಬಿಂದುವಿನಿಂದಾಚೆಯ 3,080 ಲಾದಿಗಳ ಕೊಡುಗೆಯಾದ 18,480 ರೂಪಾಯಿ ನಿಜವಾದ ಲಾಭ. ಮಾರಾಟ ನೂರಕ್ಕೆ ಹನ್ನೊಂದರಷ್ಟು ಇಳಿದರೆ ಅದು ಇಲ್ಲವಾಗುತ್ತದೆ; ಗಾಡಿಗಳು ಬೀದಿಗೆ ಬರದ ಮಳೆಯ ವಾರಗಳಲ್ಲಿ ಅಷ್ಟು ಇಳಿಯುವುದು ಕಷ್ಟವೇನಲ್ಲ.

ಭಟ್ಟಿ ಬದಲಾದಾಗ

2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ವಾಯುಮಾಲಿನ್ಯದ ಪ್ರಕರಣದಲ್ಲಿ, ಮುಂಬಯಿಯಲ್ಲಿ ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿನಂಥ ಸ್ವಚ್ಛ ಇಂಧನಕ್ಕೆ ಹೊರಳಬೇಕೆಂದು ಆದೇಶಿಸಿತು. ಇಂಥ ಬದಲಾವಣೆ ಎರಡೂ ಬಗೆಯ ವೆಚ್ಚಗಳನ್ನು ಒಟ್ಟಿಗೇ ಅಲುಗಿಸುವುದರಿಂದ ಲೆಕ್ಕವನ್ನು ಮೊದಲಿಂದ ಮಾಡಬೇಕಾಗುತ್ತದೆ.

ಹೊಸ ಒಲೆಗೆ ಸಾಲ ತಂದರೆ ಬಡ್ಡಿ ಮತ್ತು ಸವಕಳಿ ತಿಂಗಳಿಗೆ 18,000 ಏರುತ್ತವೆ ಎಂದುಕೊಳ್ಳೋಣ. ಒಲೆ ಬೇಗ ಕಾಯುವುದರಿಂದ ಕಾಯಿಸುವ ಖರ್ಚು 15,000ದಿಂದ 3,000ಕ್ಕೆ ಇಳಿಯುತ್ತದೆ. ಸ್ಥಿರ ವೆಚ್ಚ 1,56,000 ಆಯಿತು. ಏರಿದ್ದು ಆರು ಸಾವಿರ ಮಾತ್ರ, ಹೆದರುವಂಥದ್ದೇನಲ್ಲ ಅನಿಸುತ್ತದೆ. ಆದರೆ ಬೇಯಿಸುವ ಇಂಧನ ಲಾದಿಗೆ 60 ಪೈಸೆಯಿಂದ 1 ರೂಪಾಯಿ 8 ಪೈಸೆಗೆ ಏರಿದರೆ ತಯಾರಿಕೆಗೆ 10 ರೂಪಾಯಿ 8 ಪೈಸೆ, ವಾಪಸಾತಿ ಸೇರಿ ಹತ್ತೂವರೆ ರೂಪಾಯಿ, ಕಮಿಷನ್ ಸೇರಿ ಹನ್ನೆರಡೂವರೆ ರೂಪಾಯಿ ಆಗುತ್ತದೆ. ಕೊಡುಗೆ ಐದೂವರೆ ರೂಪಾಯಿಗೆ ಕುಸಿಯುತ್ತದೆ. 1,56,000ವನ್ನು 5.50ರಿಂದ ಭಾಗಿಸಿದರೆ 28,364 ಲಾದಿ, ಮೊತ್ತದಲ್ಲಿ 5,10,552 ರೂಪಾಯಿ. ಈಗ ಮಾರುತ್ತಿರುವ 28,080 ಲಾದಿಗಳು ಇದಕ್ಕೆ ಸಾಲುವುದಿಲ್ಲ. ಹದಿನೆಂಟು ಸಾವಿರದ ಲಾಭವಿದ್ದ ಬೇಕರಿ ತಿಂಗಳಿಗೆ 1,560 ರೂಪಾಯಿ ನಷ್ಟಕ್ಕೆ ಬರುತ್ತದೆ. ಹೆಚ್ಚು ಹೊಡೆತ ಕೊಟ್ಟದ್ದು ಸ್ಥಿರ ವೆಚ್ಚದ ಆರು ಸಾವಿರದ ಏರಿಕೆಗಿಂತ ಲಾದಿಯ ಮೇಲೆ ಬಿದ್ದ ಆ ಪೈಸೆಗಳು.

ಬೆಲೆಯನ್ನು 19 ರೂಪಾಯಿಗೆ ಏರಿಸಿದರೆ ಕೊಡುಗೆ ಆರೂವರೆ ರೂಪಾಯಿ, ಬ್ರೇಕ್ ಈವನ್ 24,000 ಲಾದಿ, ಮೊತ್ತದಲ್ಲಿ 4,56,000 ರೂಪಾಯಿ. ಹಳೆಯ ಭಟ್ಟಿಯ ಜೊತೆ ಹೋಲಿಸಿ ನೋಡಿ: ಲಾದಿಗಳ ಲೆಕ್ಕದಲ್ಲಿ ಬಿಂದು ಸಾವಿರದಷ್ಟು ಕೆಳಗಿಳಿದಿದೆ, ರೂಪಾಯಿಗಳ ಲೆಕ್ಕದಲ್ಲಿ ಆರು ಸಾವಿರದಷ್ಟು ಮೇಲೇರಿದೆ. ಗಲ್ಲಾದ ಮೊತ್ತವನ್ನಷ್ಟೇ ನೋಡುವವರು ಹಳೆಯ ನಾಲ್ಕೂವರೆ ಲಕ್ಷ ಮುಟ್ಟಿತೆಂದು ನೆಮ್ಮದಿಯಾದರೆ ಮೋಸಹೋಗುತ್ತಾರೆ. ಬೆಲೆ ಬದಲಾದ ತಿಂಗಳಲ್ಲಿ ಎರಡೂ ಅಳತೆಗಳನ್ನು ಹೊಸದಾಗಿ ತೆಗೆಯಬೇಕು.

ಈ ಒಂದು ರೂಪಾಯಿಯ ಏರಿಕೆಯಿಂದ ಗಿರಾಕಿಗಳು ಬೇರೆ ಬೇಕರಿಗೆ ಹೋಗುತ್ತಾರೋ ಇಲ್ಲವೋ ಎಂಬುದನ್ನು ಲೆಕ್ಕ ಹೇಳಲಾರದು, ಆದರೆ ಎಷ್ಟು ಮಂದಿ ಹೋಗುವವರೆಗೆ ತಡೆದುಕೊಳ್ಳಬಹುದು ಎಂಬುದನ್ನು ಹೇಳುತ್ತದೆ. ಈಗಿನ 28,080 ಲಾದಿಗಳಲ್ಲಿ 4,080ರವರೆಗೆ, ಅಂದರೆ ದಿನಕ್ಕೆ 136 ಲಾದಿಗಳವರೆಗೆ ಕಳೆದುಕೊಂಡರೂ ಬೇಕರಿ ನಷ್ಟಕ್ಕೆ ಇಳಿಯುವುದಿಲ್ಲ. ದಿನಕ್ಕೆ ಇಪ್ಪತ್ತು ಲಾದಿ ಒಯ್ಯುವ ವಡಾಪಾವ್ ಗಾಡಿಗಳಾದರೆ ಅಂಥವು ಆರು ಬಿಟ್ಟುಹೋಗಬಹುದು, ಏಳನೆಯದು ಹೋಗಬಾರದು.