ಇರುವ ವಿಡಿಯೋ ತಿದ್ದುವುದು ಬೇರೆ, ಇಲ್ಲದ ವಿಡಿಯೋ ಹುಟ್ಟಿಸುವುದು ಬೇರೆ

ಗೆಳೆಯನ ಮಗಳು ಮೊದಲ ಸಲ ಯಾರೂ ಹಿಡಿಯದೆ ಸೈಕಲ್ ಹೊಡೆದಳು. ಅವನು ಮೊಬೈಲ್‌ನಲ್ಲಿ 26 ಸೆಕೆಂಡಿನ ವಿಡಿಯೋ ಮಾಡಿದ್ದ. ಮೊದಲ 7 ಸೆಕೆಂಡ್ ಬರೀ ನೆಲ ಕಾಣುತ್ತದೆ. ಕೊನೆಯ 7 ಸೆಕೆಂಡ್ ಇವನ ಚಪ್ಪಲಿ. ನಡುವಿನ 12 ಸೆಕೆಂಡ್ ಮಾತ್ರ ಬೇಕು. ಅವನು ಬರಹದಿಂದ ವಿಡಿಯೋ ಮಾಡಿಕೊಡುವ ಒಂದು ಎಐ ಟೂಲ್ ತೆರೆದು, "ನನ್ನ ಮಗಳು ಸೈಕಲ್ ಹೊಡೆಯುವ ವಿಡಿಯೋದ ಶುರು ಮತ್ತು ಕೊನೆ ತೆಗೆದು, ಸ್ವಲ್ಪ ಬೆಳಕು ಜಾಸ್ತಿ ಮಾಡು" ಎಂದು ಬರೆದ. ಬಂದ ವಿಡಿಯೋ ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿದ್ದದ್ದು ಯಾರದೋ ಮಗಳು. ಯಾರದೋ ಏನು, ಅಂಥ ಹುಡುಗಿಯೇ ಎಲ್ಲೂ ಇಲ್ಲ!

ಟೂಲ್ ಕೆಟ್ಟಿರಲಿಲ್ಲ. ಅದರ ಕೆಲಸವನ್ನೇ ಅದು ಮಾಡಿತ್ತು. ಅವನ ಫೈಲ್ ಮೊಬೈಲ್‌ನಲ್ಲೇ ಇತ್ತು, ಟೂಲ್‌ಗೆ ಸಿಕ್ಕಿದ್ದು ಒಂದು ಸಾಲು ಬರಹ ಮಾತ್ರ.

ಹಾಗಾಗಿ ಮೊದಲ ಹೆಜ್ಜೆ, ಒಂದು ಪ್ರಶ್ನೆ ಕೇಳಿಕೊಳ್ಳುವುದು: ನನಗೆ ಬೇಕಾದದ್ದು ಈಗಾಗಲೇ ಫೈಲಿನಲ್ಲಿ ಇದೆಯಾ? ಇದ್ದರೆ ಅದು ಎಡಿಟಿಂಗ್ ಕೆಲಸ. ಅಂಥ ದೃಶ್ಯವನ್ನು ಯಾರೂ ಶೂಟ್ ಮಾಡೇ ಇಲ್ಲ ಅಂದರೆ ಮಾತ್ರ ಅದನ್ನು ಹುಟ್ಟಿಸಬೇಕು.

ಹುಟ್ಟಿಸುವಾಗ ಒಳಗೆ ನಡೆಯುವುದೇನು? ಇವತ್ತಿನ ಹೆಚ್ಚಿನ ಟೂಲ್‌ಗಳು ಸಿಗ್ನಲ್ ಇಲ್ಲದ ಹಳೆಯ ಟಿವಿಯಲ್ಲಿ ಕಾಣುತ್ತಿದ್ದ ಚುಕ್ಕಿಗಳ ಹಾಗಿನ ಗೊಂದಲದಿಂದ ಶುರು ಮಾಡುತ್ತವೆ. ತರಬೇತಿಯಲ್ಲಿ ನೋಡಿದ ಲೆಕ್ಕವಿಲ್ಲದಷ್ಟು ವಿಡಿಯೋಗಳಿಂದ ಕಲಿತದ್ದನ್ನು ಇಟ್ಟುಕೊಂಡು, ನೀವು ಬರೆದ ಮಾತಿಗೆ ಹೊಂದುವಂತೆ ಆ ಗೊಂದಲವನ್ನು ಹಂತ ಹಂತವಾಗಿ ತಿಳಿಮಾಡುತ್ತಾ ಹೋಗುತ್ತವೆ. "ಹುಡುಗಿ, ಸೈಕಲ್" ಅಂದರೆ ಸಾಮಾನ್ಯವಾಗಿ ಹೇಗಿರುತ್ತದೋ ಹಾಗೆ ಮಾಡುತ್ತವೆ. ನಿಮ್ಮ ಮಗಳ ಮೂಗು ಹೇಗಿದೆ ಅಂತ ಆ ಸಾಲಿನಲ್ಲಿ ಎಲ್ಲಿದೆ? ಇಲ್ಲ ಅಲ್ವಾ. ಅದೇ ಸಾಲನ್ನು ಇನ್ನೊಮ್ಮೆ ಕೊಟ್ಟು ನೋಡಿ, ಈ ಸಲ ಇನ್ನೊಬ್ಬಳು ಬರುತ್ತಾಳೆ, ಸೈಕಲ್ಲಿನ ಬಣ್ಣವೂ ಬೇರೆ. ಯಾಕೆಂದರೆ ಶುರುವಿನ ಚುಕ್ಕಿಗಳೇ ಪ್ರತಿ ಸಲ ಬೇರೆ.

ಎಡಿಟಿಂಗ್ ಹಾಗಲ್ಲ. ಒಂದು ಸೆಕೆಂಡಿಗೆ 30 ಫ್ರೇಮ್ ಅಂದುಕೊಂಡರೆ ಅವನಿಗೆ ಬೇಕಾದ 12 ಸೆಕೆಂಡಿನಲ್ಲಿ 360 ಚಿತ್ರಗಳಿವೆ. ಅವೆಲ್ಲ ಆಗಲೇ ಫೈಲಿನಲ್ಲಿ ಕೂತಿವೆ. ಮಿಕ್ಕದ್ದನ್ನು ಬಿಟ್ಟರೆ ಆಯ್ತು. ಹತ್ತು ಸಲ ಕತ್ತರಿಸಿದರೂ ಬರುವುದು ಅದೇ ಹುಡುಗಿ.

ಎರಡನೆಯ ಹೆಜ್ಜೆ ಕತ್ತರಿಸುವುದು. ಮೊಬೈಲಿನ ಗ್ಯಾಲರಿಯಲ್ಲೇ ಟ್ರಿಮ್ ಮಾಡಬಹುದು, ಎರಡೂ ತುದಿಯ ಹಿಡಿಗಳನ್ನು ಎಳೆದು, ಬೇರೆ ಫೈಲಾಗಿ ಉಳಿಸಿಕೊಳ್ಳಿ (ಮೂಲದ ಮೇಲೇ ಸೇವ್ ಮಾಡಬೇಡಿ, ಆಮೇಲೆ ಅಳುವುದು ಬೇಡ). ಕಂಪ್ಯೂಟರಿನಲ್ಲಿ ಮಾಡುವವರಿಗೆ ffmpeg ಅನ್ನುವ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ, ಅದಕ್ಕೆ ಟರ್ಮಿನಲ್‌ನಲ್ಲಿ ಹೀಗೆ ಆದೇಶ ಬರೆಯಬೇಕು:

```
ffmpeg -ss 7 -i cycle.mp4 -t 12 -c copy out1.mp4
```

7ನೇ ಸೆಕೆಂಡಿನಿಂದ 12 ಸೆಕೆಂಡ್ ತೆಗೆದುಕೋ, ಒಳಗಿನದನ್ನು ಮುಟ್ಟದೆ ಹಾಗೇ ನಕಲು ಮಾಡು ಅಂತ ಇದರ ಅರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಗುಣಮಟ್ಟವೂ ಕಮ್ಮಿಯಾಗುವುದಿಲ್ಲ. ಆದರೆ ಕೆಲವು ಪ್ಲೇಯರ್‌ಗಳಲ್ಲಿ ಶುರುವಿಗೆ ಬೇಡದ ನೆಲ ಸ್ವಲ್ಪ ಹೊತ್ತು ಕಾಣಿಸುತ್ತದೆ, ಇಲ್ಲವೇ ಚಿತ್ರ ನಿಂತು ಧ್ವನಿ ಮಾತ್ರ ಓಡುತ್ತದೆ. ವಿಡಿಯೋ ಫೈಲ್ ಎಲ್ಲ ಚಿತ್ರಗಳನ್ನೂ ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ ಅನ್ನುವುದೇ ಇದಕ್ಕೆ ಕಾರಣ. ಆಗಾಗ ಒಂದು ಪೂರ್ತಿ ಚಿತ್ರ ಇರುತ್ತದೆ, ಅದಕ್ಕೆ ಕೀಫ್ರೇಮ್ ಅನ್ನುತ್ತಾರೆ. ನಡುವಿನವುಗಳಲ್ಲಿ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ನೀವು ಕತ್ತರಿ ಹಾಕಿದ ಜಾಗ ಎರಡು ಕೀಫ್ರೇಮ್‌ಗಳ ನಡುವೆ ಬಿದ್ದರೆ ಈ ತಾಪತ್ರಯ. ಆಗ ಚಿತ್ರಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕು:

```
ffmpeg -ss 7 -i cycle.mp4 -t 12 -c:v libx264 -crf 18 -c:a aac out2.mp4
```

ಇದು ನಿಧಾನ, ಆದರೆ ಕತ್ತರಿ ಸರಿಯಾದ ಜಾಗಕ್ಕೇ ಬೀಳುತ್ತದೆ. ಮತ್ತೆ ಕಟ್ಟುವಾಗ ಗುಣಮಟ್ಟ ಒಂಚೂರು ಇಳಿಯುತ್ತದೆ ನಿಜ, crf 18 ಇಟ್ಟರೆ ಅದು ಕಣ್ಣಿಗೆ ಕಾಣುವುದು ಕಷ್ಟ. ಆ ಸಂಖ್ಯೆ ಜಾಸ್ತಿ ಮಾಡಿದಷ್ಟೂ ಫೈಲ್ ಚಿಕ್ಕದಾಗುತ್ತದೆ, ಚಿತ್ರ ಕೆಡುತ್ತದೆ.

ಮೂರನೆಯದು ಬೆಳಕು. ಯಾವ ಎಡಿಟರಿನಲ್ಲಾದರೂ ಬ್ರೈಟ್‌ನೆಸ್ ಗೆರೆ ಎಳೆದರೆ ಆಯ್ತು. ಇಲ್ಲಿ ಎಡಿಟಿಂಗಿಗೂ ಒಂದು ಮಿತಿ ಇದೆ. ಕತ್ತಲಲ್ಲಿ ಮಂಕಾಗಿ ಕಾಣುವ ಮುಖವನ್ನು ಮೇಲೆತ್ತಬಹುದು, ಯಾಕೆಂದರೆ ಮಾಹಿತಿ ಸ್ವಲ್ಪವಾದರೂ ಉಳಿದಿದೆ. ಆದರೆ ಆಕಾಶ ಪೂರ್ತಿ ಬೆಳ್ಳಗಾಗಿ ಹೋಗಿದ್ದರೆ ಅಲ್ಲಿ ಮೋಡ ಇತ್ತೋ ಇಲ್ಲವೋ ಅಂತ ಫೈಲಿಗೇ ಗೊತ್ತಿಲ್ಲ. ಯಾವ ಗೆರೆ ಎಳೆದರೂ ಬೂದಿ ಬಣ್ಣ ಬರುತ್ತದೆಯೇ ಹೊರತು ಮೋಡ ಬರುವುದಿಲ್ಲ. ಯಾವುದಾದರೂ ಟೂಲ್ ಅಲ್ಲಿ ಚೆಂದದ ಮೋಡ ತಂದುಕೊಟ್ಟರೆ, ಅದು ಹುಟ್ಟಿಸಿದ ಮೋಡ.

ಇನ್ನು ಗೊಂದಲ ಜಾಸ್ತಿ ಆಗುವ ಜಾಗಕ್ಕೆ ಬರೋಣ. ಈಗ ಕೆಲವು ಎಐ ಟೂಲ್‌ಗಳು ನಿಮ್ಮ ಫೋಟೋ ಅಥವಾ ವಿಡಿಯೋವನ್ನೂ ತೆಗೆದುಕೊಳ್ಳುತ್ತವೆ. ಅಪ್‌ಲೋಡ್ ಆಯ್ತಲ್ಲ, ಹಾಗಾದರೆ ಇದು ಎಡಿಟಿಂಗೇ ಅಂದುಕೊಳ್ಳುತ್ತೇವೆ. ಅಷ್ಟು ಸಲೀಸಲ್ಲ. ಗೆಳೆಯ ಎರಡನೆಯ ಸಲ ಮಗಳ ಒಂದು ಫೋಟೋ ಕೊಟ್ಟು ಪ್ರಯತ್ನಿಸಿದ. ಮೊದಲ ಫ್ರೇಮಿನಲ್ಲಿ ಅವಳೇ ಇದ್ದಳು. ಅವನಿಗೆ ಖುಷಿಯಾಯಿತು. ಆದರೆ ಅಸಲಿ ವಿಡಿಯೋದ 14ನೇ ಸೆಕೆಂಡಿನಲ್ಲಿ ಅವಳು ವಾಲಾಡಿ, ಎಡಗಾಲು ನೆಲಕ್ಕೆ ಊರಿ, ಮತ್ತೆ ಪೆಡಲ್ ತುಳಿಯುತ್ತಾಳೆ. ಹುಟ್ಟಿಸಿದ ವಿಡಿಯೋದಲ್ಲಿ ಒಂದು ಸಲವೂ ವಾಲದೆ ಪಳಗಿದವಳ ಹಾಗೆ ಹೋಗುತ್ತಾಳೆ! ಒಂದು ಫೋಟೋದಲ್ಲಿ ಮುಂದೇನಾಯಿತು ಅನ್ನುವುದು ಇರುವುದಿಲ್ಲವಲ್ಲ, ಹಾಗಾಗಿ ಟೂಲ್ ಊಹಿಸಿತು. ನನಗಂತೂ ಆ ಎಡಗಾಲು ಊರಿದ್ದೇ ವಿಡಿಯೋದ ಜೀವ ಅನ್ನಿಸುತ್ತದೆ.

ಪೂರ್ತಿ ವಿಡಿಯೋ ಕೊಟ್ಟು "ಹಿಂದಿನ ಕಸದ ಡಬ್ಬಿ ತೆಗೆ" ಅಂದರೂ ಎರಡು ಥರ ಆಗಬಹುದು. ಕೆಲವು ಟೂಲ್‌ಗಳಲ್ಲಿ ಡಬ್ಬಿಯ ಮೇಲೆ ಮಾಸ್ಕ್, ಅಂದರೆ ಬದಲಾಗಬೇಕಾದ ಜಾಗದ ಗುರುತು, ಬಳಿಯಬಹುದು, ಅಲ್ಲಿ ಅಷ್ಟು ಜಾಗಕ್ಕೆ ಮಾತ್ರ ಹೊಸ ಚಿತ್ರ ತುಂಬುತ್ತದೆ, ಉಳಿದದ್ದು ನಿಮ್ಮದೇ. ಇನ್ನು ಕೆಲವು ಇಡೀ ವಿಡಿಯೋವನ್ನೇ ನೋಡಿಕೊಂಡು ಮತ್ತೆ ಬರೆಯುತ್ತವೆ. ಡಬ್ಬಿಯೇನೋ ಹೋಗುತ್ತದೆ, ಜೊತೆಗೆ ಮುಖವೂ ಒಂದಿಷ್ಟು ಬದಲಾಗಿರುತ್ತದೆ. ಆಯ್ಕೆ ಇದ್ದರೆ ಮಾಸ್ಕ್ ಇರುವುದನ್ನೇ ಹಿಡಿಯಿರಿ.

ಯಾವುದು ನಡೆದಿದೆ ಅಂತ ತಿಳಿಯಲು ಮೂಲ ಮತ್ತು ಹೊಸದನ್ನು ಪಕ್ಕಪಕ್ಕ ತೆರೆದು, ಒಂದೇ ಕ್ಷಣದಲ್ಲಿ ಎರಡನ್ನೂ ನಿಲ್ಲಿಸಿ. ನಮ್ಮ ಲೆಕ್ಕದಲ್ಲಿ ಮೂಲದ 14ನೇ ಸೆಕೆಂಡ್ ಅಂದರೆ ಕತ್ತರಿಸಿದ್ದರ 7ನೇ ಸೆಕೆಂಡ್. ನೀವು ಮುಟ್ಟದ ಕಡೆ ನೋಡಿ: ಅಂಗಿಯ ಮೇಲಿನ ಅಕ್ಷರಗಳು, ಬೆರಳುಗಳು, ಚಕ್ರದ ಕಡ್ಡಿಗಳು. ಅಕ್ಷರ ಕಲಸಿಹೋಗಿದ್ದರೆ, ಎರಡು ಫ್ರೇಮ್ ಮುಂದೆ ಹೋದಾಗ ಆಕಾರ ಬದಲಾಗುತ್ತಿದ್ದರೆ ಅದು ಹೊಸದಾಗಿ ಬರೆದ ಚಿತ್ರ. ಧ್ವನಿಯನ್ನೂ ಕೇಳಿ. "ಬಿಡ್ಬೇಡಿ ಅಪ್ಪಾ" ಅಂತ ಅವಳು ಕೂಗಿದ್ದು ಮೂಲದಲ್ಲಿ ಇದೆ, ಅವನು ಆಗಲೇ ಬಿಟ್ಟಾಗಿತ್ತು. out2.mp4ನಲ್ಲಿ ಆ ಕೂಗೂ ಇದೆ, ಎಡಗಾಲೂ ಇದೆ.