'ಸಜೆಸ್ಟ್' ಎದುರಾದಾಗ ಸಾಲದಾದ ಸೂತ್ರ

ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ನಾನು ಇಂಗ್ಲಿಷ್ ಪಾಠ ಹೇಳುತ್ತೇನೆ. ಒಮ್ಮೆ ಒಬ್ಬ ಹುಡುಗಿ 'ಐ ಎಂಜಾಯ್ ಟು ರೀಡ್' ಎಂದು ಬರೆದಿದ್ದಳು. ನಾನು ಅದನ್ನು 'ಐ ಎಂಜಾಯ್ ರೀಡಿಂಗ್' ಎಂದು ತಿದ್ದಿದಾಗ, "ಮೇಡಂ, 'ಐ ಲೈಕ್ ಟು ರೀಡ್' ಸರಿ ಅಂದಿದ್ರಲ್ಲ, ಇದು ಯಾಕೆ ತಪ್ಪು?" ಎಂದು ಕೇಳಿದಳು. ಆವರೆಗೆ 'ರೀಡಿಂಗ್' ಥರದ ಜೆರಂಡ್ ಬರುವ ಕ್ರಿಯಾಪದಗಳನ್ನೂ 'ಟು ರೀಡ್' ಥರದ ಇನ್ಫಿನಿಟಿವ್ ಬರುವ ಕ್ರಿಯಾಪದಗಳನ್ನೂ ಎರಡು ಪಟ್ಟಿಗಳಾಗಿ ಬರೆಸುತ್ತಿದ್ದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಮನೆಗೆ ಬಂದು ಅದೇ ವಾಕ್ಯಗಳನ್ನು ಕನ್ನಡದಲ್ಲಿ ಬರೆದು ನೋಡಿದೆ. 'ಇಷ್ಟ' ಎಂಬ ಪದಕ್ಕೆ ನಾವು 'ಓದುವುದು ಇಷ್ಟ' ಎಂದೂ 'ಓದಲು ಇಷ್ಟ' ಎಂದೂ ಹೇಳುತ್ತೇವೆ. 'ಲೈಕ್' ಕೂಡ ಹಾಗೆಯೇ ಎರಡನ್ನೂ ಒಪ್ಪುತ್ತದೆ. ಆದರೆ 'ಓದಲು ಆನಂದಿಸುತ್ತೇನೆ' ಎಂದರೆ ನಮ್ಮ ಕಿವಿಗೇ ಒಗ್ಗುವುದಿಲ್ಲ, 'ಓದುವುದನ್ನು ಆನಂದಿಸುತ್ತೇನೆ' ಎಂದೇ ಆಗಬೇಕು. 'ಡಿಸೈಡ್' ಇದಕ್ಕೆ ವಿರುದ್ಧ: 'ಹೋಗಲು ನಿರ್ಧರಿಸಿದೆ' ಎಂಬುದು 'ಐ ಡಿಸೈಡೆಡ್ ಟು ಗೋ' ಎಂಬುದಕ್ಕೆ ಸರಿಯಾಗಿ ಹೊಂದುತ್ತದೆ, ಏಕೆಂದರೆ ನಿರ್ಧಾರ ಮಾಡುವಾಗ ಹೋಗುವ ಕೆಲಸ ಇನ್ನೂ ಮುಂದಿದೆ. ಎಂಜಾಯ್ ಮಾಡುವಾಗಲಾದರೋ ಕೆಲಸ ನಡೆಯುತ್ತಿರುತ್ತದೆ ಅಥವಾ ನಡೆದ ಅನುಭವವಿರುತ್ತದೆ. ಹೀಗೆ 'ವುದು' ಎಂದರೆ 'ಇಂಗ್', 'ಅಲು' ಎಂದರೆ 'ಟು' ಎಂದು ಮಕ್ಕಳಿಗೆ ಹೇಳಿಕೊಟ್ಟೆ.

ಎರಡೇ ವಾರದಲ್ಲಿ ಈ ಸೂತ್ರ ಸಾಲದಾಯಿತು. 'ಅಣ್ಣ ನನಗೆ ಸೈನ್ಸ್ ತೆಗೆದುಕೊಳ್ಳಲು ಸಲಹೆ ಕೊಟ್ಟ' ಎಂಬುದನ್ನು ಒಬ್ಬ ಹುಡುಗ, ನಾನು ಹೇಳಿಕೊಟ್ಟ ಹಾಗೆಯೇ, 'ಮೈ ಬ್ರದರ್ ಸಜೆಸ್ಟೆಡ್ ಮಿ ಟು ಟೇಕ್ ಸೈನ್ಸ್' ಎಂದು ಬರೆದು ತಂದ. ಸಲಹೆ ಕೊಡುವಾಗಲೂ ಕೆಲಸ ಮುಂದೆಯೇ ಇರುತ್ತದೆ, ಕನ್ನಡದಲ್ಲಿಯೂ 'ಅಲು' ಇದೆ. ಆದರೂ ವಾಕ್ಯ ತಪ್ಪು. ಕಾರಣ ಹುಡುಕಿದಾಗ ನನಗೆ ಕಂಡದ್ದು, 'ಅಡ್ವೈಸ್' ಮತ್ತು 'ಸಜೆಸ್ಟ್' ಎರಡಕ್ಕೂ ನಾವು 'ಸಲಹೆ' ಎಂಬ ಒಂದೇ ಪದವನ್ನು ಬಳಸುತ್ತೇವೆ ಎಂಬುದು. 'ಅಡ್ವೈಸ್ಡ್ ಮಿ ಟು ಟೇಕ್' ಸರಿಯಾದ ವಾಕ್ಯ. ಆ ಅಚ್ಚಿನಲ್ಲಿ 'ಸಜೆಸ್ಟ್' ಅನ್ನು ಕೂರಿಸಿದಾಗ ತಪ್ಪು ಹುಟ್ಟುತ್ತದೆ.

ಆ ಹುಡುಗನ ಜೊತೆ ಕುಳಿತು ಕನ್ನಡ ವಾಕ್ಯವನ್ನೇ ಬದಲಾಯಿಸಿದೆವು. 'ನಾನು ಸೈನ್ಸ್ ತೆಗೆದುಕೊಳ್ಳಲಿ ಎಂದು ಅಣ್ಣ ಹೇಳಿದ' ಎಂದಾಗ 'ಎಂದು' ಇದ್ದ ಕಡೆ 'ದಟ್' ತಾನಾಗಿ ಬಂತು: 'ಮೈ ಬ್ರದರ್ ಸಜೆಸ್ಟೆಡ್ ದಟ್ ಐ ಟೇಕ್ ಸೈನ್ಸ್.' ಯಾರು ಮಾಡಬೇಕೆಂದು ಹೇಳುವ ಅಗತ್ಯವಿಲ್ಲದಿದ್ದರೆ 'ಸಜೆಸ್ಟೆಡ್ ಟೇಕಿಂಗ್ ಸೈನ್ಸ್' ಸಾಕು. 'ಲೈಬ್ರರಿಗೆ ಹೋಗೋಣ ಎಂದಳು' ಎನ್ನುವಾಗಲೂ, ಹೇಳಿದವಳು ಜೊತೆಗೆ ಬರುವವಳೇ ಆದ್ದರಿಂದ, 'ಶಿ ಸಜೆಸ್ಟೆಡ್ ಗೋಯಿಂಗ್ ಟು ದ ಲೈಬ್ರರಿ' ಎಂಬುದು ಚೆನ್ನಾಗಿ ಒಪ್ಪುತ್ತದೆ.

ಈಗ ಉತ್ತರಪತ್ರಿಕೆ ತಿದ್ದುವಾಗ ನನ್ನ ಕಣ್ಣು ಮೊದಲು 'ಸಜೆಸ್ಟ್' ಆದ ಮೇಲೆ 'ಮಿ', 'ಹಿಮ್' ಅಥವಾ 'ದೆಮ್' ಇದೆಯೇ ಎಂದು ಹುಡುಕುತ್ತದೆ. ಇದ್ದರೆ ಅದರ ಹಿಂದೆಯೇ 'ಟು' ಕಾಣುತ್ತದೆ. 'ಓದಿ ಮುಗಿಸಿದೆ' ಎಂಬಂಥ ಕಡೆ ಮಾತ್ರ ಕನ್ನಡದಲ್ಲಿ 'ವುದು' ಕೂಡ ಇಲ್ಲ, 'ಅಲು' ಕೂಡ ಇಲ್ಲ. ಹಾಗಾಗಿ 'ಫಿನಿಶ್ಡ್ ರೀಡಿಂಗ್' ಎಂಬುದನ್ನು ನಾನು ಇಂದಿಗೂ ಬಾಯಿಪಾಠವೇ ಮಾಡಿಸುತ್ತೇನೆ.